ಗದ್ದದ ಮೂರು ಚುಕ್ಕಿ

ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಎದುರಿಗೆ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಇಪ್ಪತ್ತು ವರ್ಷದಿಂದ ಜನರ ಮುಖ ತೊಳೆಯುವುದೇ ನನ್ನ ಉದ್ಯೋಗ. ನೀರು ಬೇಡ, ಸೋಪು ಬೇಡ, ಕಂಪ್ಯೂಟರಿನ ಮೌಸ್ ಸಾಕು. ಮೊಡವೆ, ಕಣ್ಣ ಕೆಳಗಿನ ಕಪ್ಪು, ಬೆವರಿನ ಹೊಳಪು, ಯಾರೂ ಕೇಳದಿದ್ದರೂ ಕೈ ತಾನಾಗಿ ಅಳಿಸುತ್ತ ಹೋಗುತ್ತದೆ. ನಾಲಿಗೆ ಮಾತ್ರ ಖಾರ. 'ಸ್ಟುಡಿಯೋ ಬಾಯಾರ ಬೈದ್ರೂ ಫೋಟೋ ಚೊಲೊ ತಗೀತಾರ' ಎಂದು ಗಿರಾಕಿಗಳೇ ಹೊಗಳುವುದರಿಂದ, ಬೈಯುವುದನ್ನು ಬಿಡುವ ಅಗತ್ಯ ನನಗೆ ಕಂಡಿಲ್ಲ.

ಒಂದು ಬೆಳಿಗ್ಗೆ ಕಟಕೋಳದ ಕಡೆಯ ತಾಯಿ ಮಗಳು ಬಂದರು. ಮಗಳು ನರ್ಸಿಂಗ್ ಮುಗಿಸಿದ್ದಳು. ಸರ್ಕಾರಿ ಆಸ್ಪತ್ರೆಯ ನರ್ಸ್ ಕೆಲಸಕ್ಕೆ ಅರ್ಜಿ ಹಾಕಬೇಕು, ಮರುದಿನವೇ ಕಡೇ ದಿನ. ಅವಳ ಗದ್ದದ ಮೇಲೆ ಮೂರು ಹಸಿರು ಚುಕ್ಕಿ, ಐದು ವರ್ಷದವಳಿದ್ದಾಗ ಅಜ್ಜಿ ಹಾಕಿಸಿದ ಹಚ್ಚೆ.

"ಅಕ್ಕಾರ, ಫೋಟೋದಾಗ ಇವನ್ನ ತಗದಬಿಡ್ರಿ," ಎಂದಳು ಕುರ್ಚಿಯಲ್ಲಿ ಕೂರುವ ಮೊದಲೇ. "ಕಾಲೇಜಿನ್ಯಾಗ ಎಲ್ಲಾರೂ ನನಗ ಮುದುಕಿ ಅಂತನ ಕರೀತಿದ್ರು. ಆಫೀಸಿನ್ಯಾಗ ಫೋಟೋ ನೋಡಿ, ಇದ್ಯಾವದೋ ಗಾಂವಟಿ ಹಳ್ಳಿ ಹುಡುಗಿ ಐತಿ ಅಂತ ಅರ್ಜಿ ಒಗದ್ರ ಏನ್ ಮಾಡ್ಲಿ?"

ತಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. "ನಮ್ಮತ್ತಿ ಹಾಕ್ಸಿದ್ದು ಬಾಯಾರ. ಹಚ್ಚಿ ಇಲ್ಲದ ಹೆಣ್ಣಿನ ಕೈಯಾಗ ನೀರ ಕುಡ್ಯಾಂಗಿಲ್ಲ ಅಂತಿದ್ಲು. ಈಕಿನ್ನ ಹಿಡ್ಯಾಕ ನಾಕ ಮಂದಿ ಬೇಕಾಗಿದ್ರು. ಒದರಿದ್ದು ರಾಮದುರ್ಗದ ತನಕ ಕೇಳಿರಬೇಕು."

ಪಾಪ ಅನ್ನಿಸಿತು. ಫೋಟೋ ತೆಗೆದು, ಎರಡು ನಿಮಿಷದಲ್ಲಿ ಮೂರೂ ಚುಕ್ಕಿಗಳನ್ನು ಅಳಿಸಿದೆ. ಪಕ್ಕದ ಚರ್ಮದ ಬಣ್ಣ ತಂದು ಸವರಿದರೆ ಮುಗಿಯಿತು, ಗುರುತೂ ಉಳಿಯುವುದಿಲ್ಲ. ಹುಡುಗಿ ಪರದೆ ನೋಡುತ್ತ ತನ್ನ ಗದ್ದ ಮುಟ್ಟಿಕೊಂಡಳು. ಅವಳ ಖುಷಿ ನೋಡಿ ನನಗೂ ಒಳ್ಳೆಯ ಕೆಲಸ ಮಾಡಿದ ಹೆಮ್ಮೆ. ಫೋಟೋ ತೆಗೆದುಕೊಂಡು ಇಬ್ಬರೂ ಅರ್ಜಿ ತುಂಬಿಸಲು ಪಕ್ಕದ ಆನ್‌ಲೈನ್ ಸೆಂಟರಿಗೆ ಹೋದರು.

ಅರ್ಧ ತಾಸಿಗೆ ಆ ಸೆಂಟರಿನವನು ಒಂದು ಹಾಳೆ ಹಿಡಿದು ನನ್ನ ಅಂಗಡಿಗೆ ಬಂದ. ಹಿಂದೆ ತಾಯಿ ಮಗಳು. ಅವನು ನನ್ನ ಯಜಮಾನರ ಗೆಳೆಯ, ಅತ್ತಿಗೆ ಎಂದು ನನ್ನನ್ನು ವೈನಿ ಅಂತಲೇ ಕರೆಯುವವನು, ನಗುವುದಕ್ಕೆ ಕಾರಣ ಹುಡುಕುವವನು.

"ವೈನಿ, ಇಲ್ಲಿ ಓದ್ರಿ. ಮೈಮೇಲಿನ ಗುರುತು: ಗದ್ದದ ಮೇಲೆ ಮೂರು ಹಸಿರು ಚುಕ್ಕೆ. ಇವರವ್ವ ಹೇಳಿದ್ಲು, ನಾ ಟೈಪ್ ಮಾಡಿದೆ. ಈಗ ಫೋಟೋ ನೋಡ್ರಿ. ಗದ್ದ ತಿಕ್ಕಿ ತೊಳದ ಗಂಗಾಳ ಆಗೇತಿ! ಇನ್ನೂ ಸಬ್ಮಿಟ್ ಒತ್ತಿಲ್ಲ. ಒತ್ತಿದ್ರ ಆಮ್ಯಾಲ ತಿದ್ದಾಕ ಬರಾಂಗಿಲ್ಲ."

ಹಾಳೆ ಕಸಿದುಕೊಂಡು ಓದಿದೆ. ಆ ಅರ್ಜಿಯಲ್ಲಿ ಗುರುತು ಕೇಳುತ್ತಾರೆಂದು ನನಗೆ ಗೊತ್ತಿಲ್ಲದ್ದೇನಲ್ಲ. ಫೋಟೋ ತಿದ್ದಿರಬಾರದು ಎಂಬ ಸೂಚನೆಯೂ ಅದರಲ್ಲೇ ಇರುತ್ತದೆ. ಆದರೂ ಕೈ ತನ್ನ ಚಟ ತೀರಿಸಿಕೊಂಡಿತ್ತು.

ಹುಡುಗಿ ಮಾತ್ರ ಸೋಲಲಿಲ್ಲ. "ಗುರುತು ಬದಲ್ಸೂಣ್ರಿ. ಮೊಣಕಾಲ ಮ್ಯಾಲ ಗಾಯದ ಕಲೆ ಐತಿ, ಅದೂ ಖರೇನ ಐತಿ. ಫೋಟೋ ಹಿಂಗ ಇರಲಿ."

"ಖರೇ ಐತಿ ತಂಗಿ," ಎಂದೆ ನಾನು. "ಆದ್ರ ದಾಖಲಾತಿ ನೋಡೋ ದಿನ ನೀ ಹೋಗೋದು ಈ ಮುಖ ತಗೊಂಡ ಹೌದಲ್ಲೊ? ಅವರು ಹಾಲ್ ಟಿಕೆಟಿನ ಫೋಟೋಕ್ಕ ಮುಖ ಹೋಲಿಸ್ತಾರ. ಫೋಟೋದಾಗ ಇಲ್ಲದ್ದು ಮುಖದಾಗ ಇದ್ರ, ಪರೀಕ್ಷಾ ಬರದಾಕಿ ಬ್ಯಾರೆ, ಬಂದಾಕಿ ಬ್ಯಾರೆ ಅಂದ್ರ?"

"ಅವತ್ತ ಕ್ರೀಮ್ ಹಚ್ಕೊಂಡ ಮುಚ್ಚತೇನಿ."

"ಮತ್ತ ಡ್ಯೂಟಿ ಮ್ಯಾಲ? ದಿನಾ ಹಚ್ಚತಿಯೇನ? ಇಂಜೆಕ್ಷನ್ ಮಾಡೋದು ಬಿಟ್ಟು ಕನ್ನಡಿ ಹಿಡ್ಕೊಂಡ ಕುಂದರು!" ನನ್ನ ಪಿತ್ತ ನೆತ್ತಿಗೇರಿತ್ತು.

ಅವಳೂ ಸಿಟ್ಟಾದಳು. "ಈಗ ನಮ್ಮ ಮುಂದನ ಒಬ್ಬಾಂವ ಬಂದಿದ್ನಲ್ರಿ, ಕೊರಳ ಮ್ಯಾಲ ಚೇಳಿನ ಚಿತ್ರ ಇದ್ದಾಂವ? ಕಾಲರ್ ಗುಂಡಿ ಹಾಕೊ ಅಂತ ನೀವ ಹೇಳಿದ್ರಿ. ಮುಚ್ಚೋದು ನಡೀತೈತಿ, ಅಳಸೋದು ಯಾಕ ನಡ್ಯಾಂಗಿಲ್ಲ?"

ಪ್ರಶ್ನೆ ಸರಿಯಾಗಿಯೇ ಇತ್ತು. ಆತ ಸವದತ್ತಿಯ ಬಟ್ಟೆ ಅಂಗಡಿಯೊಂದಕ್ಕೆ ಸೇಲ್ಸ್‌ಮನ್ ಆಗಲು ಹೊರಟವನು. ದಿನವೂ ಕಾಲರ್ ಮುಚ್ಚಿಕೊಂಡೇ ನಿಲ್ಲುತ್ತಾನೆ, ಅಂಗಿ ಅವನದೇ. ಫೋಟೋದಲ್ಲಿದ್ದವನೇ ಅಂಗಡಿಯಲ್ಲೂ ಇರುತ್ತಾನೆ. ಅವನೇ ಪೊಲೀಸ್ ಕೆಲಸಕ್ಕೆ ಹೊರಟು, ಅರ್ಜಿಯಲ್ಲಿ ಹಚ್ಚೆ ಇದೆಯೇ ಎಂದು ಕೇಳಿದ್ದರೆ, ಕಾಲರ್ ಒಳಗಿದ್ದರೂ ಇದೆ ಅಂತಲೇ ಬರೆಯಬೇಕಿತ್ತು. ಇದನ್ನೆಲ್ಲ ಒದರಿ ಒದರಿ ಹೇಳಿದೆ. ಕೊನೆಗೆ, "ಇದ್ದದ್ದನ್ನ ಇಲ್ಲ ಅನ್ನೋ ಫೋಟೋ ನನ್ನ ಸ್ಟುಡಿಯೋದಾಗ ಸಿಗಾಂಗಿಲ್ಲ!" ಎಂದುಬಿಟ್ಟೆ.

ಹುಡುಗಿ ನನ್ನ ಕೊರಳ ಕಡೆ ನೋಡುತ್ತಿದ್ದಳು. ಅಲ್ಲಿ ಫೋಟೋಗ್ರಾಫರ್ ಸಂಘದ ಗುರುತಿನ ಕಾರ್ಡು ನೇತಾಡುತ್ತಿತ್ತು. ಆಮೇಲೆ ನನ್ನ ಹಣೆ ನೋಡಿದಳು. ಮತ್ತೆ ಕಾರ್ಡು.

"ಅಕ್ಕಾರ, ನಿಮ್ಮ ಹಣಿ ಮ್ಯಾಲಿನ ಹಚ್ಚಿ ಕಾರ್ಡಿನ್ಯಾಗ ಎಲ್ಲಿ ಹೋತ್ರಿ?"

ಸೆಂಟರಿನವನು ಗೋಡೆಗೆ ತಿರುಗಿ ನಿಂತ. ಅವನ ಹೆಗಲು ಕುಣಿಯುತ್ತಿದ್ದವು. ಹುಬ್ಬುಗಳ ನಡುವೆ ಮೇಲಕ್ಕೇರುವ ಒಂದು ಹಸಿರು ಗೆರೆ ನನಗೂ ಇದೆ, ನನ್ನ ಅವ್ವ ಹಾಕಿಸಿದ್ದು. ಸಂಘಕ್ಕೆ ಸೇರಿದಾಗ ಅಲ್ಲಿ ಹೆಂಗಸು ನಾನೊಬ್ಬಳೇ. ಸೂಟು ಹಾಕಿದ ಪ್ಯಾಟೆಯವರ ನಡುವೆ ಹಳ್ಳಿಯವಳಂತೆ ಕಾಣಬಾರದೆಂದು ನನ್ನ ಕೈಯಾರೆ ಆ ಗೆರೆ ಒರೆಸಿದ್ದೆ. ಯಾರೂ ಕೇಳಿರಲಿಲ್ಲ, ನಾನೂ ಮರೆತಿದ್ದೆ. ಆಚಾರ ಹೇಳೋದು, ಬದನೆಕಾಯಿ ತಿನ್ನೋದು ಅಂದರೆ ಇದೇ.

"ಹೌದ ನನ್ನವ್ವಾ, ನಾನೂ ಅಂಜಿದ್ದೆ," ಎಂದೆ. "ನಿನ್ನಂಗ."

ಅಷ್ಟು ಹೇಳಿದ ಮೇಲೆ ನನಗೂ ಹಗುರಾಯಿತು, ಅವಳೂ ಮೊದಲ ಸಲ ನಕ್ಕಳು. "ಈ ಕೆಲಸ ಮಾರ್ಕ್ಸ್ ಮ್ಯಾಲ ಆಗೋದು, ಗದ್ದದ ಮ್ಯಾಲ ಅಲ್ಲ," ಎಂದೆ. "ಬಾ, ಮತ್ತೊಮ್ಮೆ ತಗೀತೇನಿ. ಚುಕ್ಕಿ ಇರ್ತಾವ, ಆದ್ರ ಚಂದ ಇರ್ತಾವ."

ಅದಕ್ಕೊಂದು ದಾರಿ ಇತ್ತು. ಎದುರಿನಿಂದ ಫ್ಲ್ಯಾಷ್ ಹೊಡೆದರೆ ಮುಖ ಬೆಳ್ಳಗಾಗಿ ಹಚ್ಚೆ ಮಸಿಯಂತೆ ಕಪ್ಪಾಗುತ್ತದೆ, ಇದ್ದದ್ದಕ್ಕಿಂತ ಜೋರು ಕಾಣುತ್ತದೆ. ಅದೂ ಒಂದು ಸುಳ್ಳೇ. ಬೆವರು ಒರೆಸಿಸಿ, ಎರಡು ಲೈಟಿಗೂ ಬಿಳಿ ಕೊಡೆ ಕಟ್ಟಿ, ಬೆಳಕು ಹದವಾಗಿ ಬೀಳುವಂತೆ ಎರಡೂ ಬದಿಗೆ ಇಟ್ಟೆ. ಗದ್ದ ಒಂಚೂರು ಇಳಿಸು ಎಂದೆ. ಫೋಟೋದಲ್ಲಿ ಮೂರು ಚುಕ್ಕಿಗಳು ಎದುರು ಕೂತವರ ಕಣ್ಣಿಗೆ ಕಾಣುವಷ್ಟೇ ತಿಳಿಹಸಿರಾಗಿ ಬಂದವು. ಕಂಪ್ಯೂಟರಿನಲ್ಲಿ ಅಳತೆಗೆ ಕತ್ತರಿಸಿದೆ, ಬೇರೇನೂ ಮುಟ್ಟಲಿಲ್ಲ.

ಅವಳು ಬಹಳ ಹೊತ್ತು ನೋಡಿದಳು. "ನಮ್ಮಜ್ಜಿ ಹಂಗ ಕಾಣಾಕತ್ತೇನಿ," ಎಂದಳು. ತಾಯಿಯ ಕಣ್ಣು ತುಂಬಿತು. ಆಮೇಲೆ ಹುಡುಗಿ ಎದ್ದು, ನನ್ನನ್ನೇ ಕುರ್ಚಿಗೆ ತಳ್ಳಿ, "ಈಗ ನೀವು ಕುಂದರ್ರಿ. ಗದ್ದ ಇಳಸ್ರಿ!" ಎಂದು ಗದರಿ ಕ್ಯಾಮೆರಾ ಒತ್ತಿದಳು. ಸಂಘದ ಹೊಸ ಕಾರ್ಡಿನಲ್ಲಿ ಈಗ ಇರುವುದು ಅದೇ ಫೋಟೋ, ಗೆರೆ ಸಮೇತ.

ಪರೀಕ್ಷೆ ಆಯಿತು, ಪಟ್ಟಿ ಬಂತು, ಅವಳಿಗೆ ಕೆಲಸ ಸಿಕ್ಕಿತು. ಶೇಂಗಾ ಹೋಳಿಗೆ ಡಬ್ಬಿ ಹೊತ್ತು ಅಂಗಡಿಗೆ ಬಂದವಳೇ ದಾಖಲಾತಿಯ ದಿನದ ಕಥೆ ಹೇಳಿದಳು. ಮೇಜಿನ ಹಿಂದಿದ್ದ ಅಧಿಕಾರಿ ಅರ್ಜಿ ನೋಡಿದರಂತೆ, ಫೋಟೋ ನೋಡಿದರಂತೆ, ಗದ್ದ ನೋಡಿದರಂತೆ. "ನಮ್ಮವ್ವಗೂ ಹಿಂಗ ಇದ್ದುವು" ಎಂದು ಸಹಿ ಹಾಕಿ ಮುಂದಿನವರನ್ನು ಕರೆದರಂತೆ.

"ಈಗ ಆಸ್ಪತ್ರೆ ಕಾರ್ಡಿಗೆ ಫೋಟೋ ಬೇಕ್ರಿ ಅಕ್ಕಾರ," ಎನ್ನುತ್ತ ಕುರ್ಚಿಯಲ್ಲಿ ಕೂತು, ಗದ್ದ ತಾನೇ ಇಳಿಸಿದಳು. ಆಮೇಲೆ ಮೆಲ್ಲಗೆ, "ಈ ಸಲ ಚುಕ್ಕಿ ಒಂಚೂರು ಡಾರ್ಕ್ ಮಾಡ್ರಿ. ಎದ್ದ ಕಾಣ್ಲಿ."

"ಏ ಹುಡುಗಿ," ಎಂದೆ, "ಇದ್ದಷ್ಟ ಬರ್ತಾವ. ಸುಮ್ಮ ಕುಂದರು."