ವಾರೆ ಫೋಟೋದ ಕೋನಗಳು

ಸಮಾಂತರ ರೇಖೆಗಳೆರಡನ್ನು ಛೇದಕವೊಂದು ದಾಟಿದ ಚಿತ್ರದ ಫೋಟೋವನ್ನು ಮಗಳ ಟೀಚರು ಪಾಲಕರ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ಮಕ್ಕಳು ಕೋನಗಳ ಜೋಡಿ ಹೆಸರಿಸಬೇಕಿತ್ತು. ನಾನೋ ಫೋನಿನ ಗಾಜಿನ ಮೇಲೆಯೇ ಕೋನಮಾಪಕವಿಟ್ಟು ಅಳೆದೆ. ಅನುರೂಪ ಕೋನಗಳು ಸಮ ಬರಲಿಲ್ಲ. ‘ಪ್ರಶ್ನೆಯೇ ತಪ್ಪು’ ಎಂದು ಗುಂಪಿಗೆ ಬರೆದುಬಿಟ್ಟೆ. ಪುಸ್ತಕ ತೆರೆಯದ ಐವರು ಪಾಲಕರು ತಕ್ಷಣ ಹೆಬ್ಬೆರಳೆತ್ತಿದರು.

“ಅಪ್ಪಾ, ನನ್ನ ಮರ್ಯಾದಿ ಕಳದಿ!” ಎಂದಳು ಮಗಳು. “ಫೋಟೋನ ವಾರೆ ಬಂದದ. ಗೆರಿ ಮ್ಯಾಲಿನ ಬಾಣ ನೋಡು, ಸಮಾಂತರ ಅಂತ ಹೇಳ್ಯಾರ. ಅಳಿಯೂದಲ್ಲ, ಜಾಗಾ ನೋಡೂದು. ಎರಡೂ ಗೆರಿ ನಡುವ, ಮ್ಯಾಲಿನ ಗೆರಿದು ಛೇದಕದ ಎಡಕ್ಕ, ಕೆಳಗಿಂದು ಬಲಕ್ಕ ಇದ್ರ ಪರ್ಯಾಯ. ಛೇದಕ ಗೆರಿ ದಾಟೂ ಎರಡೂ ಕಡೆ ಒಂದ ಮೂಲ್ಯಾಗ ಇದ್ರ ಅನುರೂಪ.”

ಫೋನು ಕಸಿದು ಜೋಡಿಗಳನ್ನು ಬರೆದವಳು ಕೆಳಗೆ ಸೇರಿಸಿದಳು: “ಟೀಚರ್, ಇದನ್ನ ಬರದಾಕಿ ನಾನ್ರಿ. ನಮ್ಮಪ್ಪ ಅಲ್ಲ.”