ಜನರಲ್ ಶಿಫ್ಟಿಗೊಂದು ಅರ್ಜಿ

ಬಸುರಿ ಎಂದು ನಾನು ಕಾರ್ಖಾನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನನ್ನ ನಾಲಿಗೆಯೇ ಹೇಳಿಬಿಟ್ಟಿತು. ತುಮಕೂರಿನ ಹತ್ತಿರ, ಕೋರದ ಕಡೆ ಹೆದ್ದಾರಿ ಪಕ್ಕದ ಕೊಬ್ಬರಿ ಪುಡಿ ಕಾರ್ಖಾನೆಯ ಲ್ಯಾಬಿನಲ್ಲಿ ನನ್ನ ಕೆಲಸ. ಪ್ರತಿ ಲಾಟಿನ, ಅಂದರೆ ಒಮ್ಮೆಗೆ ತಯಾರಾದ ಪುಡಿಯ, ತೇವಾಂಶ, ಎಣ್ಣೆಯಂಶ ಅಳೆಯುವುದರ ಜೊತೆಗೆ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ರುಚಿಯನ್ನೂ ಬರೆಯಬೇಕು. ಮೂರನೇ ತಿಂಗಳಲ್ಲಿ, ಎರಡೇ ದಿನದಲ್ಲಿ ಮೂರು ಲಾಟುಗಳನ್ನು ಕಮಟು ಎಂದು ತಡೆದುಬಿಟ್ಟೆ. ಪ್ರೊಡಕ್ಷನ್ನಿನವರು ಕೂಗಾಡಿದರು. ಮತ್ತೆ ಪರೀಕ್ಷೆ ಮಾಡಿದರೆ ಮೂರೂ ಸರಿಯಾಗಿದ್ದವು. ನಮ್ಮ ಲ್ಯಾಬಿನ ಮ್ಯಾನೇಜರ್ ತಾವೇ ಒಂದು ಚಮಚ ತಿಂದು, "ಏನೂ ಆಗಿಲ್ವಲ್ಲಮ್ಮ, ಹೋಳಿಗೆ ಮಾಡ್ಬೋದು ಇದ್ರಲ್ಲಿ" ಎಂದರು. ಹೋಳಿಗೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಾನು ಬಚ್ಚಲಿಗೆ ಓಡಿದೆ.

ಮ್ಯಾನೇಜರ್ ಕುಣಿಗಲ್ ಕಡೆಯವರು, ಇಬ್ಬರು ಹೆಣ್ಣುಮಕ್ಕಳ ತಂದೆ. ನಾನು ವಾಪಸ್ ಬಂದಾಗ, "ನಾಳೆಯಿಂದ ರುಚಿ ಬೇರೆಯವ್ರು ನೋಡ್ಲಿ ಬಿಡು" ಎಂದಷ್ಟೇ ಹೇಳಿ ಫೈಲಿನೊಳಗೆ ತಲೆ ಹಾಕಿಕೊಂಡರು.

ಆರು ತಿಂಗಳು ತುಂಬುವ ಹೊತ್ತಿಗೆ ರಾತ್ರಿ ಪಾಳಿ ನನ್ನನ್ನು ಹಣ್ಣುಗಾಯಿ ಮಾಡಿತ್ತು. ನಾವು ಲ್ಯಾಬಿನಲ್ಲಿ ನಾಲ್ಕು ಜನ. ಬೆಳಗಿನ ಪಾಳಿ, ಮಧ್ಯಾಹ್ನದ್ದು, ರಾತ್ರಿಯದು, ಆಮೇಲೆ ಒಂಬತ್ತರಿಂದ ಐದೂವರೆಯ ಜನರಲ್ ಶಿಫ್ಟ್ ಹೀಗೆ ವಾರಕ್ಕೊಂದರಂತೆ ಸುತ್ತು ಬರುತ್ತಿತ್ತು. ತುಮಕೂರಿನ ಡಾಕ್ಟರಮ್ಮ ಚೀಟಿಯಲ್ಲೇ ಬರೆದುಕೊಟ್ಟರು: ರಾತ್ರಿ ಕೆಲಸ ಬೇಡ, ಭಾರ ಎತ್ತುವುದು ಬೇಡ, ಎಣ್ಣೆ ತೆಗೆಯುವ ರಾಸಾಯನಿಕಗಳ ಹತ್ತಿರ ಹೋಗಬೇಡ. ಗುಬ್ಬಿಯಲ್ಲಿರುವ ನಮ್ಮ ಮನೆಯಲ್ಲಿ ಆ ಚೀಟಿಯನ್ನು ತೋರಿಸಿದ್ದೇ ತಪ್ಪಾಯಿತು.

"ರಾತ್ರಿ ಪಾಳಿ ತಪ್ಪಿಸ್ತಾರೋ ಕೇಳು. ಇಲ್ಲ ಅಂದ್ರೆ ಕೆಲ್ಸ ಬುಟ್ಬುಡು, ಮನೇಲೇನು ಕಮ್ಮಿ ಆಗೈತೆ?" ಎಂದರು ಅತ್ತೆ. ಕೆಲಸ ಬಿಡುವುದಿಲ್ಲ ಎಂದು ಗಂಡನ ಮುಖ ನೋಡಿದೆ. "ಅವ್ವ ಹೇಳೋದೂ ಸರಿ, ನೀನು ಹೇಳೋದೂ ಸರಿ" ಎಂದ. ಇಬ್ಬರದೂ ಸರಿ ಎನ್ನುವ ಗಂಡಸಿನಿಂದ ಇಬ್ಬರಿಗೂ ಉಪಯೋಗವಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ನಾಲ್ಕು ವರ್ಷ ಕಷ್ಟಪಟ್ಟು ಕಲಿತ ಕೆಲಸ ಅದು, ಅದನ್ನು ಬಿಡುವ ಆಸೆ ನನಗೆ ಎಳ್ಳಷ್ಟೂ ಇರಲಿಲ್ಲ. ಹೆರಿಗೆಯಾದ ಮೇಲೆ ಏನು ಎಂಬ ಮಾತನ್ನು ಮಾತ್ರ ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಮಗು ಬಂದ ಮೇಲೆ ನಾನು ಮನೆಯಲ್ಲೇ ಇರುತ್ತೇನೆಂದು ಅವರು ಅಂದುಕೊಂಡಿದ್ದಾರೆ ಎಂಬುದು ನನಗೆ ಗೊತ್ತಿತ್ತು, ಸುಮ್ಮನಿದ್ದೆ.

ರಾತ್ರಿ ಪಾಳಿ ತಪ್ಪಿಸಬೇಕು, ಆಗಾಗ ಮನೆಯಿಂದ ಕೆಲಸ ಮಾಡಲು ಬಿಡಬೇಕು ಎಂಬ ಅರ್ಜಿಯನ್ನು ಕನ್ನಡದಲ್ಲೇ ಬರೆದೆ. ಗೋಗರೆಯುವುದಕ್ಕೆ ಇಂಗ್ಲಿಷ್ ನನಗೆ ಸಾಲದು. ಶಾಲೆಯಲ್ಲಿ ರಜಾ ಚೀಟಿ ಬರೆದ ಅಭ್ಯಾಸ ಕೈಯಲ್ಲಿ ಹಾಗೇ ಕೂತಿತ್ತು ನೋಡಿ, "ತಮ್ಮ ಅಮೂಲ್ಯ ಸಮಯವನ್ನು ಹಾಳುಮಾಡುತ್ತಿರುವುದಕ್ಕೆ ಕ್ಷಮೆ ಕೋರುತ್ತಾ" ಎಂದು ಶುರುವಾದದ್ದು "ದಯಾಳುಗಳಾದ ತಾವು ದೊಡ್ಡ ಮನಸ್ಸು ಮಾಡಿ" ಎಂಬಲ್ಲಿಗೆ ಬರುವಾಗ ಒಂದೂವರೆ ಪುಟ ಮುಗಿದಿತ್ತು. ಓದಿಕೊಂಡಾಗ ನನ್ನ ಮೇಲೆ ನನಗೇ ಅಯ್ಯೋ ಎನಿಸಿತು. ಚೆನ್ನಾಗಿದೆ ಅಂದುಕೊಂಡೆ.

ಮ್ಯಾನೇಜರ್ ಪೂರ್ತಿ ಓದಿ ಕಾಗದವನ್ನು ನನ್ನ ಕಡೆಗೇ ತಳ್ಳಿದರು. "ಇದನ್ನ ಎಚ್‌ಆರ್‌ಗೆ ಕಳ್ಸಲ್ಲಮ್ಮ ನಾನು."

"ಯಾಕೆ ಸಾರ್?"

"ಕ್ಷಮೆ ನಾಲ್ಕು ಸಲ ಕೇಳಿದೀಯ. ಏನ್ ತಪ್ಪು ಮಾಡಿದೀಯ ನೀನು? ಯಾವ ಶಿಫ್ಟು ಬೇಕು, ಯಾವತ್ತಿಂದ ಯಾವತ್ತಿನವರೆಗೆ, ಮನೇಲಿ ಕೂತು ಯಾವ ಕೆಲ್ಸ ಮಾಡ್ತೀಯ, ನಿನ್ನ ರಾತ್ರಿ ಪಾಳಿ ಯಾರು ನೋಡ್ಕೋತಾರೆ, ಒಂದಾದ್ರೂ ಇದ್ಯಾ ಇದ್ರಲ್ಲಿ? ಅವ್ರು ಕೇಳೋದೇ ಇದನ್ನ. ಡಾಕ್ಟರ್ ಚೀಟಿ ಎಲ್ಲಿ?"

ಚೀಟಿ ಮನೆಯಲ್ಲಿ ದೇವರ ಫೋಟೋ ಹಿಂದೆ ಇತ್ತು. ಸಿಟ್ಟು ಬಂತು, ಆದರೆ ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ಆಗಲಿಲ್ಲ, ಅದಕ್ಕೇ ಸಿಟ್ಟು ಇನ್ನೂ ಜಾಸ್ತಿಯಾಯಿತು.

ರಾತ್ರಿ ಪಾಳಿಯ ಲೆಕ್ಕ ಹಾಕಿದಾಗ ನನಗೆ ನಾಚಿಕೆಯಾಯಿತು. ನಾನು ಖಾಯಂ ಜನರಲ್‌ಗೆ ಹೋದರೆ ಉಳಿದ ಮೂವರಿಗೆ ನಾಲ್ಕು ವಾರಕ್ಕೊಮ್ಮೆ ಬರುತ್ತಿದ್ದ ರಾತ್ರಿ ಮೂರು ವಾರಕ್ಕೊಮ್ಮೆ ಬರುತ್ತದೆ, ಸುಧಾರಿಸಿಕೊಳ್ಳುವ ಜನರಲ್ ವಾರವೂ ತಪ್ಪುತ್ತದೆ. ಮೂವರಲ್ಲಿ ಹಿರಿಯನನ್ನು ನಾವೆಲ್ಲ ಅಣ್ಣ ಎನ್ನುತ್ತಿದ್ದೆವು. ಕ್ಯಾಂಟೀನಿನಲ್ಲಿ ಅವನ ಎದುರು ಕೂತು ನೇರವಾಗಿ ಕೇಳಿದೆ.

"ರಾತ್ರಿ ಮಾಡ್ತೀವಿ ಕಣಮ್ಮ, ಅದೇನು ದೊಡ್ಡದಲ್ಲ," ಎಂದ. "ಆ ಸರ್ಟಿಫಿಕೇಟ್ ಬರೆಯೋದಿದ್ಯಲ್ಲ, ಅದೇ ನನ್ನ ಪ್ರಾಣ ತಿನ್ನೋದು."

ಪ್ರತಿ ಲಾಟಿಗೂ ಪರೀಕ್ಷೆಯ ಫಲಿತಾಂಶಗಳನ್ನು ಸೇರಿಸಿ ಗಿರಾಕಿಗೆ ಕಳಿಸುವ ಸರ್ಟಿಫಿಕೇಟ್ ಅದು. ಎಲ್ಲರೂ ಪಾಳಿ ಮುಗಿದ ಮೇಲೆ ಶಪಿಸುತ್ತ ಒಂದು ಗಂಟೆ ಕೂತು ಮಾಡುವ ಕೆಲಸ. ನನಗೆ ಅಲ್ಲೇ ಹೊಳೆಯಿತು. ಪರೀಕ್ಷೆಯನ್ನು ಮನೆಗೆ ಹೊತ್ತೊಯ್ಯಲಾಗದು, ಸಹಿಯನ್ನೂ ಪರೀಕ್ಷೆ ಮಾಡಿದವರೇ ಹಾಕಬೇಕು. ಆದರೆ ಅವರು ನಮೂದಿಸಿದ ಅಂಕಿಗಳನ್ನು ಸರ್ಟಿಫಿಕೇಟ್ ಮಾಡಿ ಮ್ಯಾನೇಜರಿಗೆ ಕಳಿಸಲು, ಗಿರಾಕಿಗಳ ದೂರಿಗೆ ಉತ್ತರ ಸಿದ್ಧಮಾಡಲು ಒಂದು ಲ್ಯಾಪ್‌ಟಾಪ್ ಸಾಕು. ಗುಬ್ಬಿಯಲ್ಲಿ ಕೂತೂ ಮಾಡಬಹುದು.

"ಎಲ್ಲಾರ ಸರ್ಟಿಫಿಕೇಟೂ ನಾನೇ ಮಾಡ್ತೀನಣ್ಣ."

"ಹಂಗಾದ್ರೆ ಮಗೂಗೆ ಎರಡು ವರ್ಷ ಆಗೋಗಂಟ ಜನರಲ್‌ನಲ್ಲೇ ಇರು ತಾಯಿ" ಎಂದು ಕೈ ಮುಗಿದ.

ಎರಡನೇ ಅರ್ಜಿ ಮುಕ್ಕಾಲು ಪುಟದಲ್ಲಿ ಮುಗಿಯಿತು. ಬರುವ ಸೋಮವಾರದಿಂದ ಹೆರಿಗೆ ರಜೆ ಶುರುವಾಗುವವರೆಗೆ ಜನರಲ್ ಶಿಫ್ಟ್, ಮಂಗಳವಾರ ಮತ್ತು ಶುಕ್ರವಾರ ಮನೆಯಿಂದ ಸರ್ಟಿಫಿಕೇಟ್ ಮತ್ತು ದೂರುಗಳ ಕೆಲಸ, ಲ್ಯಾಬಿಗೆ ಬಂದ ದಿನ ಭಾರ ಎತ್ತದ, ರಾಸಾಯನಿಕ ಮುಟ್ಟದ ಕೆಲಸ. ಡಾಕ್ಟರ್ ಚೀಟಿ ಲಗತ್ತಿಸಿದೆ. ರಾತ್ರಿ ಪಾಳಿ ಹಂಚಿಕೊಳ್ಳಲು ಉಳಿದ ಮೂವರೂ ಒಪ್ಪಿದ್ದಾರೆ ಎಂದು ಬರೆದು ಕೆಳಗೆ ಅವರ ಸಹಿಯನ್ನೂ ಹಾಕಿಸಿದೆ. ಒಂದೇ ಒಂದು ಕ್ಷಮೆಯೂ ಇರಲಿಲ್ಲ.

ಮ್ಯಾನೇಜರ್ ಓದಿ ತಲೆಯಾಡಿಸಿದರು. "ಒಂದು ಸಾಲು ಬಿಟ್ಟಿದೀಯ. ರಜೆ ಮುಗಿದ್ಮೇಲೆ ಬರ್ತೀಯೋ ಇಲ್ವೋ? ಅದು ಕಡ್ಡಾಯ ಅಲ್ಲ. ಆದ್ರೆ ಬರೆದಿದ್ರೆ ನಿನ್ನ ಜಾಗಕ್ಕೆ ಬೇರೆಯವ್ರನ್ನ ಖಾಯಂ ಆಗಿ ತಗೊಳ್ಳೋ ಮಾತು ಬಂದಾಗ ನಾನು ಇದನ್ನ ತೋರಿಸಿ ಜಗಳ ಆಡ್ಬೋದು."

ಮನೆಯಲ್ಲಿ ಕೇಳಿ ಹೇಳುತ್ತೇನೆ ಎನ್ನಲು ಬಾಯಿ ತೆರೆದೆ. ಏನು ಉತ್ತರ ಬರುತ್ತದೆಂದು ಗೊತ್ತಿದ್ದರಿಂದ ಮುಚ್ಚಿದೆ. ಅವರ ಪೆನ್ನನ್ನೇ ತೆಗೆದುಕೊಂಡು, ನಿಂತಲ್ಲೇ, "ಹೆರಿಗೆ ರಜೆ ಮುಗಿದ ನಂತರ ಕೆಲಸಕ್ಕೆ ಮರಳುತ್ತೇನೆ" ಎಂದು ಬರೆದೆ. ಹೆದರಿಕೆಯೂ ಆಯಿತು, ಖುಷಿಯೂ ಆಯಿತು.

ನಾಲ್ಕು ದಿನಕ್ಕೆ ಎಚ್‌ಆರ್‌ನಿಂದ ಮೇಲ್ ಬಂತು. ಕೇಳಿದ್ದೆಲ್ಲ ಸಿಕ್ಕಿತ್ತು, ಆಡಿಟ್ ತಪಾಸಣೆ ಬಿದ್ದರೆ ಮನೆಯಿಂದ ಕೆಲಸದ ದಿನವೂ ಕಾರ್ಖಾನೆಗೆ ಬರಬೇಕು ಎಂಬುದಷ್ಟೇ ಷರತ್ತು. ನಾನು ಸ್ನಾನಕ್ಕೆ ಹೋಗಿದ್ದಾಗ ನನ್ನ ಗಂಡ ಫೋನ್ ನೋಡಿ, ಸಂಭ್ರಮ ತಡೆಯಲಾರದೆ ಅದನ್ನು ಅವ್ವನಿಗೆ ಕನ್ನಡ ಮಾಡಿ ಓದಿ ಹೇಳಿದ್ದಾನೆ. ಕೊನೆಯ ಸಾಲನ್ನೂ ಬಿಡಲಿಲ್ಲ, ಪುಣ್ಯಾತ್ಮ: ರಜೆಯ ನಂತರ ಮರಳುವುದಾಗಿ ತಾವು ತಿಳಿಸಿರುವುದನ್ನು ಗಮನಿಸಲಾಗಿದೆ.

ನಾನು ಹೊರಗೆ ಬಂದಾಗ ಅವನು ಗೋಡೆ ನೋಡುತ್ತಿದ್ದ. ಅತ್ತೆ ಅವರೆಕಾಯಿ ಬಿಡಿಸುತ್ತಿದ್ದರು.

"ಮ್ಯಾನೇಜರಿಗೆ ಹೇಳ್ದೆ, ನಮ್ಮುನ್ನ ಒಂದ್ ಮಾತು ಕೇಳ್ಲಿಲ್ವಲ್ಲ," ಎಂದರು, ತಲೆ ಎತ್ತದೆ.

"ಕೇಳಿದ್ರೆ ಬೇಡ ಅಂತಿದ್ರಿ ಅತ್ತೆ."

"ಊಂ. ಅಂತಿದ್ದೆ."

ನಾನು ಜಗಳಕ್ಕೆ ಸೆರಗು ಕಟ್ಟಿ ನಿಂತಿದ್ದೆ. ಡಾಕ್ಟರ್ ಹೇಳಿದ್ದು, ಕಾನೂನು ಹೇಳಿದ್ದು, ನಾಲ್ಕು ವರ್ಷದ ಕಷ್ಟ, ಎಲ್ಲವನ್ನೂ ಮನಸ್ಸಿನಲ್ಲಿ ಸಾಲಾಗಿ ಜೋಡಿಸಿಕೊಂಡಿದ್ದೆ.

"ಜನರಲ್ ಮುಗುಸ್ಕಂಡು ಗುಬ್ಬಿಗೆ ಎಷ್ಟೊತ್ತಿಗೆ ಬತ್ತೀಯ?"

"ಏಳು ಗಂಟೆ ಆಗುತ್ತೆ. ಯಾಕೆ?"

"ಯಾಕೆ ಅಂದ್ರೆ? ಮಗೀನ ನಾನು ಎಷ್ಟೊತ್ತಿನಗಂಟ ನೋಡ್ಕಬೇಕು ಅಂತ ಗೊತ್ತಾಗ್ಬೇಡ್ವಾ?" ಎಂದರು ಗದರುವ ಹಾಗೆ. "ಏಳರಗಂಟ ನಂದು. ಆಮೇಲೆ ನೀವಿಬ್ರೂ ನೋಡ್ಕಳಿ."

ಜೋಡಿಸಿಕೊಂಡಿದ್ದ ಒಂದು ಮಾತೂ ಖರ್ಚಾಗಲಿಲ್ಲ. ಕಾರ್ಖಾನೆಗೆ ಎರಡೆರಡು ಅರ್ಜಿ ಬರೆದಿದ್ದೆ, ನನ್ನ ಮಗುವನ್ನು ನೋಡಿಕೊಳ್ಳಬೇಕಾದವರನ್ನು ಒಂದು ಸಲವೂ ಕೇಳಿರಲಿಲ್ಲ. ಅವರ ಪಕ್ಕ ಕಷ್ಟಪಟ್ಟು ಕೂತು ಕಾಯಿಗೆ ಕೈ ಹಾಕಿದೆ, ಕಣ್ಣು ತುಂಬಿ ಸಿಪ್ಪೆ ಯಾವುದು ಕಾಳು ಯಾವುದು ಕಾಣಲಿಲ್ಲ.