ರಂಗೂಬಾಯಿಯವರ ಹೆರಳು

ಪುಣೆಯ ಧನಕವಡಿಯ ತರಕಾರಿ ಅಂಗಡಿಗಳ ಸಾಲಿನಲ್ಲಿ ಶೈಲಾಳ ಫೋಟೋ ಸ್ಟುಡಿಯೋ ಇದೆ. ಹಳೆಯ ಫೋಟೋಗಳನ್ನು ತಿದ್ದುವುದೇ ಅಲ್ಲಿ ಹೆಚ್ಚಿನ ಕೆಲಸ. ಹರಿದದ್ದನ್ನು ಕೂಡಿಸುವುದು, ಮಾಸಿದ ಮುಖಕ್ಕೆ ಬಣ್ಣ ತುಂಬುವುದು, ಮದುವೆ ಗುಂಪಿನಿಂದ ಒಬ್ಬರನ್ನೇ ಬಿಡಿಸಿ ತೆಗೆಯುವುದು. ಅವಳ ಅಪ್ಪ ಭೀಮಣ್ಣ ಬೆಳಗಾವಿಯಲ್ಲಿ ಇದೇ ಕೆಲಸವನ್ನು ಚೂಪಾದ ಪೆನ್ಸಿಲಿನಿಂದ ನೆಗೆಟಿವ್ ಮೇಲೆ ಮಾಡುತ್ತಿದ್ದರು. ಮಗಳು ಕಂಪ್ಯೂಟರಿನಲ್ಲಿ ಮಾಡುತ್ತಾಳೆ. ಕಣ್ಣು ಮಾತ್ರ ಅಪ್ಪನದೇ ಎಂದು ಅವಳ ತಾಯಿ ಹೇಳುತ್ತಿದ್ದರು.

ಒಂದು ಮಧ್ಯಾಹ್ನ ರಂಗೂಬಾಯಿ ಸೊಸೆ ಇಂದೂಳ ತೋಳು ಹಿಡಿದು ನಿಧಾನವಾಗಿ ಒಳಗೆ ಬಂದರು. ಧಾರವಾಡ ಕಡೆಯವರು, ಪುಣೆಗೆ ಬಂದು ನೆಲೆಸಿ ಎಷ್ಟೋ ವರ್ಷಗಳಾಗಿದ್ದವು. ಹೋದ ವರ್ಷ ಲಕ್ವ ಹೊಡೆದು ಎಡಗೈ ಬಿದ್ದುಹೋಗಿತ್ತು. ಬಾಯಿಯ ಎಡ ಅಂಚು ಸ್ವಲ್ಪ ಜೋತಿತ್ತು. ತಲೆಗೂದಲನ್ನು ಹುಡುಗರಂತೆ ಗಿಡ್ಡಗೆ ಕತ್ತರಿಸಿದ್ದರು.

ಇಂದೂ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದಳು. "ಅತ್ಯಾಗ ಎಂಬತ್ತು ತುಂಬಿದ್ವು, ಸಹಸ್ರಚಂದ್ರ ಶಾಂತಿ ಅದರಿ. ಮಂಗಲ ಕಾರ್ಯಾಲಯದಾಗ ದೊಡ್ಡ ಬ್ಯಾನರ್ ಹಾಕಬೇಕು ಅಂತಾರ ನಮ್ಮವರು. ಇದೊಂದೇ ಛಲೋ ಬಂದದ."

ಲಕ್ವಕ್ಕೂ ಮೊದಲಿನ ಫೋಟೋ ಅದು. ರಂಗೂಬಾಯಿ ಎರೆದುಕೊಂಡು ಮಾಳಿಗೆಯ ಮೇಲೆ ಬಿಸಿಲಿಗೆ ಕೂದಲು ಒಣಗಿಸುತ್ತ ಕೂತಾಗ ಮಗ ಮಧ್ವೇಶ ಏನೋ ಹೇಳಿ ನಗಿಸಿ ತೆಗೆದದ್ದು. ಬಾಯಿ ತುಂಬ ನಗು. ಆದರೆ ದಟ್ಟವಾದ ನರೆಗೂದಲು ಎರಡೂ ಹೆಗಲ ಮೇಲೆ ಹರಡಿ ಕಿವಿ, ಕುತ್ತಿಗೆ ಎಲ್ಲವನ್ನೂ ಮುಚ್ಚಿತ್ತು.

"ನಾಲ್ಕು ಮಂದಿ ಮುಂದ ಕೂದಲ ಬಿಚ್ಚಿಕೊಂಡ ನಿಲ್ಲಾಕಿ ಅಲ್ಲ ನಾ," ಎಂದರು ರಂಗೂಬಾಯಿ. "ಈಗಿನ ಸೊಟ್ಟ ಬಾಯಿದು ಬ್ಯಾಡ. ಆ ನಗು ಇರ್ಲಿ, ಹೆರಳ ಹಾಕಿ ಕೊಡವಾ."

"ಮಾಡೋಣ್ರಿ ಅಜ್ಜಿ, ಎರಡ ದಿನ ಬಿಟ್ಟು ಬರ್ರಿ," ಎಂದಳು ಶೈಲಾ.

ಮೊದಲು ಅವಳು ಸುಲಭದ ದಾರಿ ಹಿಡಿದಳು. ಹೊಸ ಸಾಫ್ಟ್‌ವೇರಿನಲ್ಲಿ ಕೂದಲಿನ ಭಾಗವನ್ನು ಗುರುತು ಮಾಡಿ, ಏನು ಬೇಕೆಂದು ಬರೆದರೆ ತಾನೇ ತುಂಬಿಕೊಡುತ್ತದೆ. ಕ್ಷಣದಲ್ಲಿ ಹೆರಳು ಬಂತು, ಕಿವಿ ಬಂತು, ಕುತ್ತಿಗೆಯೂ ಬಂತು. ಅವಳಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ, ಆದರೂ ಅತ್ತೆ ಸೊಸೆ ಬಂದಾಗ ಅದನ್ನೇ ತೋರಿಸಿದಳು.

ರಂಗೂಬಾಯಿ ಪರದೆಯ ಹತ್ತಿರ ಬಾಗಿ ನೋಡಿದರು. "ಮಾರಿ ನಂದs. ಕುತ್ತಿಗಿ ಯಾರದು? ಈಗ ಮದುವಿ ಆದ ಹುಡುಗೀದು ಇದ್ದಂಗ ಅದ."

ಶೈಲಾಳಿಗೂ ನಗು ಬಂತು. ಕೆಳಗೆ ಇಪ್ಪತ್ತರ ನುಣುಪು, ಮೇಲೆ ಎಂಬತ್ತರ ಹತ್ತಿರದ ಮುಖ. ಕಿವಿಯೂ ಯಾರದೋ. ರಂಗೂಬಾಯಿಯವರ ಕಿವಿಯ ಮೇಲಂಚಿನಲ್ಲಿ ಹಿಂದೆ ಬುಗುಡಿ ಹಾಕುತ್ತಿದ್ದ ತೂತು ಮುಚ್ಚಿ ಚುಕ್ಕೆಯಾಗಿತ್ತು. ಭಾರದ ಓಲೆಗೆ ಕೆಳಗಿನ ಹಾಲೆ ಜಗ್ಗಿತ್ತು. ಯಂತ್ರಕ್ಕೆ ಅದೆಲ್ಲ ಹೇಗೆ ಗೊತ್ತಾಗಬೇಕು?

"ನಿಮ್ಮ ಕಿವಿ ನಿಮ್ಮ ಹತ್ರನs ಅವ ಅಲ್ರಿ," ಎಂದು ಶೈಲಾ ಅವರನ್ನು ಸ್ಟೂಲಿನ ಮೇಲೆ ಕೂಡಿಸಿದಳು. ಹಳೆಯ ಫೋಟೋದಲ್ಲಿ ಬಿಸಿಲು ಬಲಗಡೆಯಿಂದ ಬಿದ್ದಿತ್ತು. ಅವಳು ದೀಪವನ್ನೂ ಬಲಕ್ಕೆ, ಅಷ್ಟೇ ಎತ್ತರಕ್ಕೆ ಸರಿಸಿದಳು. ನಗುವಾಗ ಅವರ ಮುಖ ತುಸು ಮುಂದೆ ಬಾಗಿತ್ತು. ಹಾಗೆ ಬಾಗಿದರೆ ಕಿವಿಗಳು ಕಣ್ಣಿನ ಮಟ್ಟಕ್ಕಿಂತ ಮೇಲೆ ಏರಿದಂತೆ ಕಾಣುತ್ತವೆ. ಅದನ್ನು ಮರೆತರೆ ಅಂಟಿಸಿದ ಕಿವಿ ಎಂದು ಯಾರಿಗಾದರೂ ತಿಳಿದುಬಿಡುತ್ತದೆ. ಆದ್ದರಿಂದ ಗದ್ದ ಅಷ್ಟೇ ಇಳಿಸಲು ಹೇಳಿ ಎರಡು ಕಿವಿ, ಕುತ್ತಿಗೆ, ದವಡೆಯ ಕೆಳಗಿನ ನೆರಳು ಎಲ್ಲದರ ಚಿತ್ರ ತೆಗೆದಳು.

"ಇನ್ನ ಹೆರಳು," ಎಂದು ಶೈಲಾ ನಿಂತಳು. ಬಿಚ್ಚಿದ ಕೂದಲನ್ನು ಹಾಗೇ ತಿರುಚಿ ಹೆಣೆಯಲು ಬರುವುದಿಲ್ಲ. ನಿಜವಾದ ಹೆರಳಿನ ಚಿತ್ರ ಬೇಕು. ರಂಗೂಬಾಯಿಯವರ ತಲೆಯಲ್ಲಿ ಹೆಣೆಯುವಷ್ಟು ಕೂದಲಿರಲಿಲ್ಲ.

ಇಂದೂ ತನ್ನ ಕ್ಲಿಪ್ಪು ತೆಗೆದಳು. "ನನ್ನ ಕೂದಲ ನಡೀತದೇನ್ರಿ? ಬಣ್ಣ ಬದಲಿ ಮಾಡ್ಲಿಕ್ಕೆ ಬರ್ತದಲ್ಲ?"

"ಬರ್ತದ ವೈನಿ."

ಇಂದೂ ಅತ್ತೆಯ ಮುಂದೆ ಮಣೆಯ ಮೇಲೆ ಕೂತಳು. ಶೈಲಾ ಬಾಚಿ ಮೂರು ಪಾಲು ಮಾಡಿದಳು.

"ಅಷ್ಟ ಮ್ಯಾಲಿಂದ ಬ್ಯಾಡ," ಎಂದರು ರಂಗೂಬಾಯಿ. "ಕೆಳಗ, ಕುತ್ತಿಗಿ ಹತ್ರ ಸುರು ಮಾಡು. ಬಿಗೀ ಇರ್ಲಿ. ತಾ, ಒಂದು ಎಳೀ ನಾ ಹಿಡೀತೀನಿ."

ಬಲಗೈಯಲ್ಲಿ ಅವರು ಒಂದು ಎಳೆ ಹಿಡಿದರು. ಉಳಿದೆರಡು ಶೈಲಾಳ ಕೈಯಲ್ಲಿ. ಕೂಡಿ ಹೆಣೆಯುವಾಗ ಒಮ್ಮೆ ತಪ್ಪಿತು, ಬಿಚ್ಚಿ ಮತ್ತೆ ಹೆಣೆದರು. ಇಂದೂಳ ಹೆಗಲು ಅಲುಗುತ್ತಿರುವುದು ಶೈಲಾಳ ಬೆರಳುಗಳಿಗೆ ತಿಳಿಯಿತು. ಮೊದಲು ನಗುತ್ತಿದ್ದಾಳೆ ಎಂದುಕೊಂಡಳು.

"ಅತ್ಯಾ," ಎಂದಳು ಇಂದೂ, ತಿರುಗದೆ. "ನಿಮ್ಮ ಕೂದಲ ನಾನs ಕತ್ತರಿಸಿದೆ. ನಿಮ್ಮನ್ನ ಕೇಳಲಿಲ್ಲ. ಹಾಸಿಗ್ಯಾಗ ಸಿಕ್ಕುಗಟ್ಟಿ ನೋವಾಗ್ತಿತ್ತು ನಿಮಗ, ಬ್ಯಾರೆ ಏನೂ ತಿಳೀಲಿಲ್ಲ. ನೀವು ನಿದ್ದಿ ಹತ್ತಿದಾಗ ಕತ್ತರಿಸಿಬಿಟ್ಟೆ."

"ನಿದ್ದಿ ಎಲ್ಲೀದವಾ? ಎಚ್ಚರನs ಇದ್ದೆ."

ಇಂದೂ ತಟ್ಟನೆ ಹಿಂದೆ ತಿರುಗಲು ಹೋದಳು.

"ಅಳಕೋತ ಕತ್ತರಿಸ್ತಿದ್ದಿ. ಕಣ್ಣೀರು ನನ್ನ ಕುತ್ತಿಗಿ ಮ್ಯಾಲ ಬೀಳ್ತಿತ್ತು. ಕಣ್ಣು ತೆರದ್ರ ಇನ್ನೂ ಅಳ್ತಿ ಅಂತ ಸುಮ್ಮನ ಮಲಗಿದ್ದೆ." ರಂಗೂಬಾಯಿ ಎಳೆಯನ್ನು ಜಗ್ಗಿದರು. "ಮಾರಿ ನೆಟ್ಟಗ ಇಟಗೋ. ಹೆರಳ ಸೊಟ್ಟ ಆಗ್ತದ."

ಶೈಲಾ ತುದಿಗೆ ದಾರ ಕಟ್ಟಿ, ಹೆರಳನ್ನು ಇಂದೂಳ ಬಲ ಹೆಗಲ ಮೇಲಿಂದ ಮುಂದೆ ತಂದು ಚಿತ್ರ ತೆಗೆದಳು. ಕಣ್ಣು ಮಂಜಾಗಿದ್ದರಿಂದ ಮೊದಲನೆಯದರ ಫೋಕಸ್ ತಪ್ಪಿತು. ಇನ್ನೊಂದು ತೆಗೆದಳು.

ಅವರು ಹೋದ ಮೇಲೆ ಕೆಲಸಕ್ಕೆ ಕೂತಳು. ಹೆಗಲ ಮೇಲೆ ಹರಡಿದ್ದ ಕೂದಲನ್ನು ಅಳಿಸಿದ ಕಡೆ ಸೀರೆಯ ಹೆಗಲೂ ಹಿಂದಿನ ಮಾಳಿಗೆಯ ಗೋಡೆಯೂ ಬೇಕಾದವು. ಅಕ್ಕಪಕ್ಕದಿಂದಲೇ ತೆಗೆದು ತುಂಬಿದಳು. ನೆತ್ತಿಯ ಕೂದಲು ಕೆಳಕ್ಕೆ ಇಳಿಯುತ್ತಿತ್ತು. ಅದನ್ನು ಕಿವಿಯ ಹಿಂದಕ್ಕೆ ಬಾಚಿದಂತೆ ತಿರುಗಿಸಿದಳು, ಇಲ್ಲದಿದ್ದರೆ ಹೆರಳು ಎಲ್ಲಿಂದ ಬಂತೆಂಬುದೇ ತಿಳಿಯುತ್ತಿರಲಿಲ್ಲ. ಕುತ್ತಿಗೆಯ ಬಣ್ಣವನ್ನು ಕೆನ್ನೆಗೆ ಹೊಂದಿಸಿ ಗದ್ದದ ಕೆಳಗೆ ತುಸು ಕಪ್ಪು ಮಾಡಿದಳು. ಅಡ್ಡಗೆರೆಗಳನ್ನು ಮುಟ್ಟಲಿಲ್ಲ. ಇಂದೂಳ ಕಪ್ಪು ಹೆರಳನ್ನು ಬರೀ ತಿಳಿ ಮಾಡಿದರೆ ಬೂದಿ ಬಳಿದಂತಾಗುತ್ತಿತ್ತು, ಅದಕ್ಕೆ ಬಿಳಿ ಎಳೆಗಳನ್ನು ಒಂದೊಂದಾಗಿ ಎಳೆದಳು. ಕಿವಿಯ ಹತ್ತಿರ ಹೆರಳಿಗೆ ಸಿಗದ ಸಣ್ಣ ಕೂದಲನ್ನೂ ಬಿಟ್ಟಳು. ಬಿಗಿಯಾಗಿ ಹೆಣೆದರೂ ಅವು ಯಾರ ಮಾತೂ ಕೇಳುವುದಿಲ್ಲ.

ಶಾಂತಿಯ ದಿನ ಶೈಲಾಳಿಗೂ ಕರೆ ಬಂದಿತ್ತು. ಕಾರ್ಯಾಲಯದ ಬಾಗಿಲಲ್ಲೇ ಬ್ಯಾನರು. ಬಲ ಹೆಗಲ ಮೇಲೆ ಹೆರಳು ಇಳಿಬಿಟ್ಟುಕೊಂಡು ರಂಗೂಬಾಯಿ ನಗುತ್ತಿದ್ದರು. ಬಾರಾಮತಿಯಿಂದ ಬಂದಿದ್ದ ಅವರ ತಂಗಿ ಬ್ಯಾನರಿನ ಮುಂದೆ ಬಹಳ ಹೊತ್ತು ನಿಂತು, "ಅಕ್ಕನ ಕಿವಿ ನೋಡು, ಥೇಟ್ ನಮ್ಮವ್ವಂದು," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

"ಹೆರಳಿಗೆ ಏನು ಎಣ್ಣಿ ಹಚ್ತಿದ್ದಿ ಅಕ್ಕಾ?" ಎಂದು ಆಮೇಲೆ ಅವರು ಕೇಳಿದಾಗ, ಕುರ್ಚಿಯಲ್ಲಿ ಕೂತಿದ್ದ ರಂಗೂಬಾಯಿ ಸೊಸೆಯ ಕಡೆಗೆ ಕೈ ಮಾಡಿದರು. "ನನಗೇನ ಕೇಳ್ತಿ? ಅದು ಇಕೀ ಹೆರಳು. ಇಕೀನ್ನ ಕೇಳು."

ತಂಗಿ ಅರ್ಥವಾಗದೆ ಇಂದೂಳ ಮುಖ ನೋಡಿದರು. ಇಂದೂ ನಾಚಿ, ಊಟಕ್ಕೆ ಎಲೆ ಹಾಕಿಸುವ ನೆಪದಲ್ಲಿ ಶೈಲಾಳ ಕೈ ಹಿಡಿದುಕೊಂಡು ಪಂಕ್ತಿಯ ಕಡೆಗೆ ಹೊರಟುಬಿಟ್ಟಳು.